ಗುರುವಾರದ ರಿಲೀಸ್ ಬೇಡ ಅಂತ ಬರೆದ ಪತ್ರ

ನಾನು ಬಸ್ ಟಿಕೆಟ್ ಬುಕ್ ಮಾಡುವ ಆ್ಯಪ್ ಒಂದರ ಟೆಸ್ಟರ್. ದಸರಾ ರಜೆಗೆ ಮುಂಚಿನ ಗುರುವಾರ ಹೊಸ ಪೇಮೆಂಟ್ ಪುಟ ರಿಲೀಸ್ ಆಗಬೇಕಿತ್ತು. ಮಂಗಳವಾರ ಮಧ್ಯಾಹ್ನ ಟೆಸ್ಟ್ ಲಾಗ್ ನೋಡುತ್ತಿದ್ದೆ. ಒಂದೇ ಸೀಟಿಗೆ ಎರಡು ಸಲ ದುಡ್ಡು ಕಟ್ ಆಗಿತ್ತು.

ಕಾರಣ ಸಿಗಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಬ್ಯಾಂಕಿನ ಉತ್ತರಕ್ಕೆ ಆ್ಯಪ್ 20 ಸೆಕೆಂಡ್ ಕಾಯುತ್ತದೆ. ಆಮೇಲೆ 'ಮತ್ತೆ ಪ್ರಯತ್ನಿಸಿ' ಬಟನ್ ತೋರಿಸುತ್ತದೆ. ಅದನ್ನು ಒತ್ತಿದರೆ ಹೊಸ ಪಾವತಿ ನಂಬರ್ ಹಾಕಿಕೊಂಡು ಇನ್ನೊಂದು ಪಾವತಿ ಹೋಗುತ್ತದೆ. ಮೊದಲನೆಯದು ತಡವಾಗಿ ಬಂದು ಅದೂ ಪಾಸ್ ಆಗುತ್ತದೆ. ಬುಕಿಂಗ್ ನಂಬರ್ ನೋಡಿ 'ಇದು ಅದೇ ಪಾವತಿ' ಅಂತ ಸರ್ವರ್ ಗುರುತು ಹಿಡಿಯಬೇಕಿತ್ತು, ಹಿಡಿಯುತ್ತಿರಲಿಲ್ಲ.

ರಿಲೀಸ್ ಯಾವಾಗ ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್‌ಗೆ ಸಿಟ್ಟಿನಲ್ಲಿ ಬರೆದ ಮೊದಲ ಪತ್ರ ಹೀಗೆ ಶುರುವಾಗಿತ್ತು: '23 ಬಗ್ ಬಾಕಿ ಇವೆ, ಕ್ವಾಲಿಟಿ ಸರಿ ಇಲ್ಲ.' ಅಳಿಸಿ ಹಾಕಿದೆ. ಅದರಲ್ಲಿ 22 ಬಗ್‌ಗಳಿಗೆ ರಿಲೀಸ್ ನಿಲ್ಲಿಸುವಷ್ಟು ತೂಕ ಇರಲಿಲ್ಲ. ಎಣಿಕೆ ತೋರಿಸಿ ಹೆದರಿಸಿದರೆ ಪ್ರಾಡಕ್ಟ್ ಓನರ್ ಸುಮ್ನೆ ಪಕ್ಕಕ್ಕಿಡುತ್ತಾರೆ, ಅಲ್ವಾ?

ಎರಡನೆಯದರ ಮೊದಲ ಸಾಲು: 'ಮೇಡಂ, ರಿಲೀಸ್ ಸೋಮವಾರಕ್ಕೆ ಹಾಕೋಣ ಅನ್ನುವುದು ನನ್ನ ಸಲಹೆ. ಕಾರಣ ಒಂದೇ, ಎರಡು ಸಲ ದುಡ್ಡು ಕಟ್ ಆಗುತ್ತಿದೆ.' ಕೆಳಗೆ ಸಾಕ್ಷಿ ಇಟ್ಟೆ. ಉತ್ತರವನ್ನು ಬೇಕಂತಲೇ 25 ಸೆಕೆಂಡ್ ತಡ ಮಾಡಿ ಬಟನ್ ಒತ್ತಿದರೆ 10ಕ್ಕೆ 10 ಸಲ ತಪ್ಪಾಗುತ್ತದೆ. 'ನಿಜವಾಗಿ ಅಷ್ಟು ತಡ ಆಗುತ್ತಾ?' ಅಂತ ಅವರು ಕೇಳೇ ಕೇಳುತ್ತಾರೆ. ಅದಕ್ಕೇ ಹಿಂದಿನ ವಾರದ ಲೈವ್ ಲಾಗ್ ತೆಗೆದೆ. ಸಾವಿರಕ್ಕೆ 7 ಪಾವತಿ 20 ಸೆಕೆಂಡ್ ದಾಟಿದ್ದವು. ರಜೆಯಲ್ಲಿ ದಿನಕ್ಕೆ ಸುಮಾರು 6,000 ಪಾವತಿ ಅಂದರೆ ದಿನಕ್ಕೆ 42 ಜನರಿಗೆ ಆ ಬಟನ್ ಕಾಣುತ್ತದೆ. ಎಷ್ಟು ಜನ ಒತ್ತುತ್ತಾರೋ ಗೊತ್ತಿಲ್ಲ ಅಂತಲೂ ಬರೆದೆ.

ಮೂರು ದಾರಿ ಕೊಟ್ಟೆ. ಸೋಮವಾರಕ್ಕೆ ಹಾಕಿದರೆ ಬಗ್ ಸರಿಯಾಗುತ್ತದೆ, ಆದರೆ ಹೊಸ ಪುಟದ ಜೊತೆ ಬರಬೇಕಿದ್ದ ಗುಂಪು ಬುಕಿಂಗ್ ರಿಯಾಯಿತಿ ರಜೆಯ ನೂಕುನುಗ್ಗಲಿಗೆ ಸಿಗುವುದಿಲ್ಲ. ಗುರುವಾರವೇ ಬಿಟ್ಟು ಆ ಬಟನ್ ಮರೆಮಾಡಬಹುದು, ಆದರೆ ಜನ ಬ್ಯಾಕ್ ಒತ್ತಿ ಮತ್ತೆ ಬಂದರೆ ಏನಾಗುತ್ತೆ ಅಂತ ನಾನು ಟೆಸ್ಟ್ ಮಾಡಿಲ್ಲ, ಅದಕ್ಕೆ ಅರ್ಧ ದಿನ ಬೇಕು. ಇಲ್ಲವೇ ಹಾಗೇ ಬಿಟ್ಟು, ದುಡ್ಡು ವಾಪಸ್ ಕೊಡಲು ಇಬ್ಬರನ್ನು ಕೂರಿಸಬಹುದು.

ಅವರಿಗೆ ಎರಡನೇ ದಾರಿ ಇಷ್ಟ ಆಯಿತು. ರಿಯಾಯಿತಿ ಅವರ ಕೂಸು, ಬಿಟ್ಟುಕೊಡಲು ಮನಸ್ಸಿರಲಿಲ್ಲ. 'ನಾಳೆ ಮಧ್ಯಾಹ್ನದೊಳಗೆ ನೋಡಿ ಹೇಳಿ' ಅಂದರು.

ಬುಧವಾರ ಹನ್ನೊಂದಕ್ಕೆ ಎರಡೇ ಸಾಲು ಕಳಿಸಿದೆ: 'ಬ್ಯಾಕ್ ಒತ್ತಿ ಬಂದರೂ ಎರಡು ಸಲ ಕಟ್ ಆಗುತ್ತದೆ, 10ಕ್ಕೆ 10. ವಿಡಿಯೋ ಜೊತೆಗಿದೆ.' ಊಟದ ಹೊತ್ತಿಗೆ ರಿಲೀಸ್ ಸೋಮವಾರಕ್ಕೆ ಹೋಯಿತು.