ಮೇವಿನ ಮಷೀನಿನ ಕೈಪಿಡಿಯನ್ನು ಮಾತಿನ ಧಾಟಿಗೆ ತಂದಿದ್ದು ಹೀಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಮೇವು ಕತ್ತರಿಸುವ ಮಷೀನ್ ಮಾಡುವ ಒಂದು ವರ್ಕ್‌ಶಾಪ್ ಇದೆ. ಅವರಿಗೆ ನಾನು ಕೊಟೇಶನ್, ವಾರಂಟಿ ಕಾರ್ಡು ಇಂಥವನ್ನೆಲ್ಲ ಬರೆದುಕೊಡುತ್ತೇನೆ. ಒಮ್ಮೆ ಅಲ್ಲಿನ ಸಾವ್ಕಾರರು 2 ಎಚ್‌ಪಿ ಮಷೀನಿನ ಕೈಪಿಡಿ ಕೈಗಿಟ್ಟು, "ಇದನ್ನ ಯಾರೂ ಓದಂಗಿಲ್ರಿ. ಮನಿ ಹೆಣ್ಮಕ್ಕಳಿಗೂ ತಿಳಿಯೂಹಂಗ ಬರೀರಿ" ಎಂದರು.

ಓದಿದರೆ ಕಾರಣ ತಿಳಿಯುತ್ತದೆ. ಪೂರ್ತಿ ಸರ್ಕಾರಿ ಆದೇಶದ ಭಾಷೆ. ಮೊದಲ ಪುಟದಲ್ಲಿ ದಪ್ಪ ಗೆರೆಯ ಡಬ್ಬಿಯೊಳಗೆ 12 ಎಚ್ಚರಿಕೆಗಳು, ಆಮೇಲೆ "ತಕ್ಕದ್ದು, ತಕ್ಕದ್ದು" ಅಂತ ಮುಗಿಯುವ ಉದ್ದುದ್ದ ವಾಕ್ಯಗಳು. ಡಬ್ಬಿಯನ್ನು ಹಾಗೇ ಉಳಿಸಿಕೊಂಡು ಉಳಿದದ್ದನ್ನು ಹಗುರ ಮಾಡಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಆದರೆ ತಾಂತ್ರಿಕ ಕೈಪಿಡಿಯಲ್ಲಿ ಎಲ್ಲ ಎಚ್ಚರಿಕೆಯೂ ಡಬ್ಬಿಯಲ್ಲಿ ಇರುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಮಾಮೂಲಿ ವಾಕ್ಯಗಳ ಹೊಟ್ಟೆಯೊಳಗೆ ಕೂತಿರುತ್ತವೆ. ಈ ಪ್ಯಾರಾ ನೋಡಿ:

"ಮೇವು ಸಿಲುಕಿಕೊಂಡ ಪಕ್ಷದಲ್ಲಿ ಸನ್ನೆಯನ್ನು ವಿರುದ್ಧ ದಿಕ್ಕಿಗೆ ಚಲಾಯಿಸತಕ್ಕದ್ದು. ತದನಂತರವೂ ಮೇವು ಹೊರಬರದಿದ್ದಲ್ಲಿ, ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿ, ಚಕ್ರವು ಸಂಪೂರ್ಣ ನಿಶ್ಚಲಗೊಂಡ ತರುವಾಯ, ಅದು ತಿರುಗದಂತೆ ಆಧಾರ ನೀಡಿ, ಸೂಕ್ತ ಸಾಧನದಿಂದ ಮೇವನ್ನು ತೆರವುಗೊಳಿಸಿ, ಕವಚವನ್ನು ಮರುಜೋಡಿಸಿದ ನಂತರವೇ ಯಂತ್ರವನ್ನು ಪುನಃ ಚಾಲನೆಗೊಳಿಸತಕ್ಕದ್ದು."

ಬರೆದವರು ದಡ್ಡರಲ್ಲ. ಎರಡನೇ ವಾಕ್ಯದಲ್ಲಿ ಐದು ಎಚ್ಚರಿಕೆಗಳಿವೆ. ಕರೆಂಟ್ ತೆಗೆಯಬೇಕು, ಗಾಲಿ ಪೂರ್ತಿ ನಿಲ್ಲಬೇಕು, ಅದು ಮತ್ತೆ ತಿರುಗದ ಹಾಗೆ ತಡೆ ಕೊಡಬೇಕು, ಕೈ ಹಾಕಬಾರದು, ಕವರ್ ಹಾಕದೆ ಚಾಲೂ ಮಾಡಬಾರದು. ಮೊದಲ ಪುಟದ ಡಬ್ಬಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಇಂಥ ವಾಕ್ಯವನ್ನು ಸಲೀಸು ಮಾಡಲು ಕೂತಾಗ ಮೊದಲು ಉದುರುವುದು "ತರುವಾಯ", "ನಂತರವೇ" ಅನ್ನುವ ತುಂಡುಗಳು. ಕಿವಿಗೆ ಭಾರ ಅನಿಸುವುದು ಅವೇ. "ಕರೆಂಟ್ ಬಂದ್ ಮಾಡಿ ಮೇವು ತೆಗೆಯಿರಿ" ಅಂತ ಬರೆದರೆ ಓದಲು ಚೆಂದ. ಆದರೆ ಬಟನ್ ಬಂದ್ ಮಾಡಿದ ಮೇಲೂ ಆ ಭಾರದ ಗಾಲಿ ತನ್ನ ಓಟದಲ್ಲೇ ತಿರುಗುತ್ತಿರುತ್ತದೆ. ಬ್ಲೇಡು ಕೂತಿರುವುದು ಆ ಗಾಲಿಯ ಮೇಲೇ.

ಹಾಗಾಗಿ ನಾನು ಭಾಷೆ ಮುಟ್ಟುವ ಮೊದಲು ಪಟ್ಟಿ ಮಾಡಿಕೊಂಡೆ. ಪೆನ್ಸಿಲ್ ಹಿಡಿದು, "ನಂತರ", "ಮೊದಲು", "ಹೊರತು", "ಇರುವಾಗ", "ಮಾತ್ರ" ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗೆರೆ ಎಳೆದೆ. ಪ್ರತಿ ಗೆರೆಗೂ ಒಂದೇ ಪ್ರಶ್ನೆ: ಇದನ್ನು ಬಿಟ್ಟರೆ ಯಾರಿಗಾದರೂ ಪೆಟ್ಟಾಗುತ್ತದಾ? ಹೌದು ಅಂದರೆ ಪಟ್ಟಿಗೆ ಹೋಯಿತು, ನಂಬರಿನ ಜೊತೆ. ನಂಬರಿನ ಮುಂದೆ ನಾಲ್ಕು ಕಲಂ ಇಟ್ಟಿದ್ದೆ: ಅಪಾಯ ಯಾವುದು, ಏನಾಗುತ್ತದೆ, ಹೇಗೆ ತಪ್ಪಿಸಬೇಕು, ಹಳೆ ಕೈಪಿಡಿಯ ಎಷ್ಟನೇ ಪುಟ. ಮುಗಿಯುವಾಗ 12 ಹೋಗಿ 27 ಆಗಿತ್ತು.

ಎರಡನೇ ಕಲಂ ಬಹಳ ಕಡೆ ಖಾಲಿ ಉಳಿಯಿತು. ಹಳೆ ಕೈಪಿಡಿ ಮಾಡಬೇಡಿ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಅದನ್ನು ನಾನು ಊಹಿಸಿ ತುಂಬುವ ಹಾಗಿಲ್ಲ. ಪಟ್ಟಿ ಹಿಡಿದು ಮಿಸ್ತ್ರಿ ಹತ್ತಿರ ಹೋದೆ. ನಿಂತ ಗಾಲಿಗೆ ತಡೆ ಯಾಕೆ ಅಂತ ಕೇಳಿದ್ದಕ್ಕೆ ಅವರು ಪ್ಲಗ್ ಕಿತ್ತ ಮಷೀನಿನಲ್ಲಿ ಜೋಳದ ಕಣಿಕೆ ಸಿಗಿಸಿ, ಕೋಲಿನಿಂದ ಅದನ್ನು ಬಿಡಿಸಿ ತೋರಿಸಿದರು. ಕಣಿಕೆ ಬಿಟ್ಟುಕೊಂಡ ಕ್ಷಣ ಗಾಲಿ ಅರ್ಧ ಗೇಣು ಜಗ್ಗನೆ ಮುಂದೆ ಬಂತು. ಬೆರಳಿಗೆ ಅಷ್ಟು ಸಾಕು. "ಸೂಕ್ತ ಸಾಧನ" ಎಂದರೇನು ಅಂದರೆ, "ಕಟ್ಟಿಗಿ ಕೋಲ್ರಿ. ಕಬ್ಬಿಣದ ಸಳಿ ಬ್ಯಾಡ, ಬ್ಲೇಡಿನ ಧಾರಿ ಹೊಕ್ಕೈತಿ" ಎಂದರು.

ಕರೆಂಟ್ ಹೋದಾಗ ಸ್ವಿಚ್ "ಬಂದ್ ಸ್ಥಿತಿಯಲ್ಲಿರಿಸತಕ್ಕದ್ದು" ಅನ್ನುವ ಸಾಲು ಮೋಟಾರಿನ ಅಧ್ಯಾಯದಲ್ಲಿತ್ತು. ಓದಿದರೆ ಮೋಟಾರ್ ಸುಡದಿರಲಿ ಅಂತ ಹೇಳಿದ ಹಾಗಿತ್ತು. ನಿಜವಾದ ಕಾರಣ ಬೇರೆ. ಕತ್ತರಿಸುವಾಗ ಕರೆಂಟ್ ಹೋಗುತ್ತದೆ, ಮಷೀನ್ ನಿಲ್ಲುತ್ತದೆ, ಅರ್ಧ ನುಂಗಿದ ಮೇವು ಕಾಣುತ್ತಿರುತ್ತದೆ. ನಿಂತಿದೆಯಲ್ಲ ಅಂತ ಕೈ ಹಾಕಿದ ಹೊತ್ತಿಗೆ ಕರೆಂಟ್ ಬಂದರೆ? ಸ್ವಿಚ್ ಚಾಲೂ ಇದ್ದರೆ ಮಷೀನ್ ತಾನಾಗೇ ಹೊರಡುತ್ತದೆ. ನಮ್ಮ ಹಳ್ಳಿಗಳ ಕರೆಂಟಿನ ಪರಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಮೋಟಾರಿನ ಅಧ್ಯಾಯದಿಂದ ಎತ್ತಿ, ಮೇವು ಹಾಕುವ ಕಡೆ ಒಮ್ಮೆ, ಸಿಕ್ಕಿಕೊಂಡ ಮೇವು ತೆಗೆಯುವ ಕಡೆ ಇನ್ನೊಮ್ಮೆ ಹಾಕಿದೆ.

ಎಚ್ಚರಿಕೆಗೆ ದರ್ಜೆ ಇರುತ್ತದೆ. ಅಮೆರಿಕದ ಆನ್ಸಿ ಝಡ್535 ಮಾನದಂಡದ ಪ್ರಕಾರ, ತಪ್ಪಿಸದಿದ್ದರೆ ಸಾವು ಅಥವಾ ಭಾರಿ ಪೆಟ್ಟು ಖಂಡಿತ ಎಂದಾದರೆ ಕೆಂಪು, ಆಗಬಹುದು ಎಂದಾದರೆ ಕಿತ್ತಳೆ, ಸಣ್ಣ ಅಥವಾ ಮಧ್ಯಮ ಪೆಟ್ಟಿಗೆ ಹಳದಿ, ಬರೀ ಮಷೀನಿಗೆ ಹಾನಿ ಅಂದರೆ ನೀಲಿ. ನಾವು ಇವಕ್ಕೆ ಅಪಾಯ, ಎಚ್ಚರಿಕೆ, ಜಾಗ್ರತೆ, ಸೂಚನೆ ಅಂತ ಹೆಸರಿಟ್ಟುಕೊಂಡೆವು. ಯಾವುದು ಯಾವ ದರ್ಜೆ ಅನ್ನುವುದು ಮಷೀನ್ ಮಾಡಿದವರ ತೀರ್ಮಾನ, ಬರೆಯುವವನದ್ದಲ್ಲ. ಧಾಟಿ ಮೆತ್ತಗೆ ಮಾಡುವ ಹುರುಪಿನಲ್ಲಿ ಕೆಂಪನ್ನು ಹಳದಿ ಮಾಡಬಾರದು. ಗ್ರೀಸ್ ಹಚ್ಚಿ ಅನ್ನುವುದಕ್ಕೂ ಕೆಂಪು ಡಬ್ಬಿ ಹಾಕಿದರೆ ಅದೂ ಕೆಟ್ಟದ್ದೇ. ಎಲ್ಲವೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲ.

ಇಷ್ಟಾದ ಮೇಲೆ ಬರೆಯುವುದು ಹಗುರ. ಆ ಪ್ಯಾರಾ ಈಗ ಹೀಗಿದೆ:

"ಮೇವು ಸಿಕ್ಕಿಕೊಂಡಿತಾ? ಎಳೆಯೋಕೆ ಹೋಗಬೇಡಿ. ಹ್ಯಾಂಡಲ್ ರಿವರ್ಸಿಗೆ ಹಾಕಿ. ರೋಲರುಗಳು ಉಲ್ಟಾ ತಿರುಗಿ ಮೇವನ್ನು ನಿಮ್ಮ ಕಡೆಗೇ ದೂಡುತ್ತವೆ. ಬಹಳ ಸಲ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಬರಲಿಲ್ಲವಾ? ಮೊದಲು ಇದನ್ನು ಓದಿ.

ಅಪಾಯ: ಬಟನ್ ಬಂದ್ ಮಾಡಿದ ಮೇಲೂ ಗಾಲಿ ತಿರುಗುತ್ತಿರುತ್ತದೆ. ಬ್ಲೇಡು ಬೆರಳು ಕತ್ತರಿಸುತ್ತದೆ. ಸ್ವಿಚ್ ಬಂದ್ ಮಾಡಿ, ಪ್ಲಗ್ ಕೀಳಿರಿ. ಗಾಲಿ ಪೂರ್ತಿ ನಿಂತಿದ್ದನ್ನು ಕಣ್ಣಾರೆ ನೋಡಿ. ಕಟ್ಟಿಗೆ ತುಂಡು ಕೊಟ್ಟು ಗಾಲಿ ತಡೆಯಿರಿ. ಆಮೇಲೆ ಮಾತ್ರ ಕವರ್ ತೆಗೆಯಿರಿ. ಒಳಗೆ ಕೈ ಹಾಕಬೇಡಿ.

ಈಗ ಕಟ್ಟಿಗೆ ಕೋಲಿನಿಂದ ಮೇವು ಬಿಡಿಸಿ. ಹಸಿ ಮೇವಾದರೆ ಹೊಸೆದುಕೊಂಡಿರುತ್ತದೆ, ಸ್ವಲ್ಪ ಸ್ವಲ್ಪವೇ ಕೀಳಿರಿ. ಎಲ್ಲ ಬಂತಾ? ತಡೆ ಕೊಟ್ಟ ತುಂಡು ತೆಗೆದಿರಿ ತಾನೆ? ಕವರ್ ಕೂಡಿಸಿ, ಬೋಲ್ಟ್ ಬಿಗಿ ಮಾಡಿ. ಕವರ್ ಇಲ್ಲದೆ ಮಷೀನ್ ಚಾಲೂ ಮಾಡಬೇಡಿ."

ಡಬ್ಬಿಯ ಸುತ್ತ ಪ್ರಶ್ನೆ ಇದೆ, ಹರಟೆ ಇದೆ. ಡಬ್ಬಿಯೊಳಗೆ ಇಲ್ಲ. ಅಲ್ಲಿ ಬರೀ ಏನು ಅಪಾಯ, ಏನಾಗುತ್ತದೆ, ಏನು ಮಾಡಬೇಕು. ಡಬ್ಬಿ ಬರುವುದು ಕೆಲಸಕ್ಕೆ ಮೊದಲು. ಕೆಲಸ ಹೇಳಿ ಮುಗಿಸಿ ಆಮೇಲೆ "ಅಂದಹಾಗೆ ಪ್ಲಗ್ ಕಿತ್ತಿರಬೇಕು" ಅಂದರೆ, ಓದುತ್ತಾ ಕೆಲಸ ಮಾಡುವವರ ಕೈ ಅಷ್ಟೊತ್ತಿಗೆ ಒಳಗೆ ಹೋಗಿರುತ್ತದೆ. ಗಾಲಿಗೆ ಕೊಟ್ಟ ತುಂಡು ತೆಗೆಯುವ ಮಾತು ಹಳೆ ಕೈಪಿಡಿಯಲ್ಲಿ ಇರಲೇ ಇಲ್ಲ. ಮಿಸ್ತ್ರಿ ಸೇರಿಸಿದರು, ಪಟ್ಟಿಯಲ್ಲಿ 28 ಆಯಿತು.

ಗೆಳೆತನದ ಧಾಟಿಯಲ್ಲಿ ಕೆಲವು ಮಾತು ತಾವಾಗೇ ನುಸುಳುತ್ತವೆ. "ಸುಮ್ನೆ ನಾಲ್ಕು ಬೋಲ್ಟ್ ಬಿಚ್ಚಿ, ಬ್ಲೇಡ್ ಹೊರಗೆ ಬರುತ್ತೆ, ಅಷ್ಟೇ." ಈ "ಸುಮ್ನೆ", "ಅಷ್ಟೇ" ಮೇವು ತುಂಬುವ ಕಡೆ ಇದ್ದರೆ ಅಡ್ಡಿಯಿಲ್ಲ, ಬ್ಲೇಡ್ ತೆಗೆಯುವ ಕಡೆ ಬೇಡ. ಓದಿದವರಿಗೆ ಇದು ಹಗುರದ ಕೆಲಸ ಅನಿಸಿಬಿಡುತ್ತದೆ. "ಸಾಧ್ಯವಾದರೆ", "ಆದಷ್ಟು" ಅನ್ನುವವನ್ನೂ ತೆಗೆದೆ. "ಆದಷ್ಟು ಮಕ್ಕಳನ್ನು ದೂರ ಇಡಿ" ಅಂದರೆ ಆಗದಿದ್ದರೆ ಹತ್ತಿರ ಇದ್ದರೂ ನಡೆಯುತ್ತದೆ ಅಂತ ಅರ್ಥ ಬರುತ್ತದೆ. ನಗೆಚಾಟಿಕೆಯನ್ನು ಗ್ರೀಸ್ ಹಚ್ಚುವ ಪುಟಕ್ಕೆ ಕಳಿಸಿದೆ. ಅಲ್ಲಿ ಜಾಗ ಧಾರಾಳ.

ಕರಡು ಹಿಡಿದು ಬೈಲಹೊಂಗಲ ಕಡೆಯ ಒಂದು ಮನೆಗೆ ಹೋದೆ. ಅಲ್ಲಿ ಮೇವು ಕತ್ತರಿಸುವುದು ಮನೆಯ ಹಿರಿ ಹೆಣ್ಣುಮಗಳ ಕೆಲಸ. ತಿಳಿಯಿತಾ ಅಂತ ಕೇಳಿದರೆ ಎಲ್ಲರೂ ತಿಳಿಯಿತು ಅನ್ನುತ್ತಾರೆ. ಅದಕ್ಕೆ ಓದಿಸಿ, ಪುಸ್ತಕ ಮುಚ್ಚಿಸಿ, "ಅಕ್ಕಾರ, ಮೇವು ಸಿಗಬಿತ್ತು ಅನ್ಕೋರಿ. ಏನ್ ಮಾಡ್ತೀರಿ?" ಅಂತ ಕೇಳಿದೆ. ಪ್ಲಗ್ ಹೇಳಿದರು, ಗಾಲಿ ಹೇಳಿದರು, ಕಟ್ಟಿಗೆ ತುಂಡು ಹೇಳಿದರು. ತಡವರಿಸಿದ್ದು ಬೇರೆ ಕಡೆ. "ಸಡಿಲ ಬಟ್ಟೆ ಹಾಕಿಕೊಳ್ಳಬೇಡಿ" ಅನ್ನುವುದನ್ನು ಓದಿ ಅವರು ಮುಂದಕ್ಕೆ ಹೋಗಿದ್ದರು. ಕೇಳಿದ್ದಕ್ಕೆ, "ನಾ ಎಲ್ಲಿ ಸಡ್ಲ ಬಟ್ಟಿ ಹಾಕ್ಕೊಂತೇನ್ರಿ? ಸೀರಿ ಉಡತೇನಿ" ಎಂದರು.

ಆ ಸಾಲು ಹಳೆ ಕೈಪಿಡಿಯಿಂದ ಹಾಗೇ ಬಂದಿತ್ತು. ಎಚ್ಚರಿಕೆ ಉಳಿದಿತ್ತು, ಆದರೆ ಅದು ತಮಗೆ ಹೇಳಿದ್ದು ಅಂತ ಅವರಿಗೆ ಅನಿಸಲೇ ಇಲ್ಲ. ಬದಲಿಸಿ ಹೀಗೆ ಬರೆದೆ: "ಸೆರಗು ಸೊಂಟಕ್ಕೆ ಸಿಕ್ಕಿಸಿ. ಜಡೆ ಮೇಲಕ್ಕೆ ಕಟ್ಟಿ. ಹೆಗಲ ಮೇಲೆ ಟವೆಲ್ ಬೇಡ. ಜೋತಾಡುವ ಯಾವುದೂ ಮೈಮೇಲೆ ಇರಬಾರದು." ಕೊನೆಯ ವಾಕ್ಯ ಬೇಕೇ ಬೇಕು. ಉದಾಹರಣೆ ಮಾತ್ರ ಕೊಟ್ಟರೆ ಪಟ್ಟಿಯಲ್ಲಿ ಇಲ್ಲದ ಸ್ಕಾರ್ಫು, ತೋಳು ಬಿಟ್ಟ ಅಂಗಿ ಇವಕ್ಕೆಲ್ಲ ಪರವಾನಗಿ ಕೊಟ್ಟ ಹಾಗಾಗುತ್ತದೆ.

ಸಾವ್ಕಾರರು ಕರಡು ನೋಡಿ, "ಇಷ್ಟು ಕೆಂಪು ಡಬ್ಬಿ ನೋಡಿದ್ರ ಗಿರಾಕಿ ಹೆದರತಾರಲ್ರೀ" ಎಂದರು. ಮಿಸ್ತ್ರಿ ಸೇರಿಸಿದ ಒಂದು ಬಿಟ್ಟರೆ ಎಚ್ಚರಿಕೆ ಮೊದಲಿಗಿಂತ ಜಾಸ್ತಿ ಆಗಿಲ್ಲ, ಈಗ ಕಣ್ಣಿಗೆ ಬೀಳುತ್ತಿವೆ ಅಂದೆ. ಒಂದು ಕಡೆ ರಾಜಿ ಆಯಿತು. ಎಲ್ಲ ಕೆಲಸಕ್ಕೂ ಲಾಗೂ ಆಗುವ ಮಕ್ಕಳು, ಬಟ್ಟೆ, ಅರ್ಥಿಂಗ್ ಇವು ಮೊದಲ ಪುಟದಲ್ಲೇ ಉಳಿದವು. ಉಳಿದವು ಆಯಾ ಕೆಲಸದ ಎದುರಿಗೆ ಹೋದವು. ಮಷೀನಿನ ಬಾಯಿಗೆ ಅಂಟಿಸುವ ಸ್ಟಿಕ್ಕರಿನ ಮಾತನ್ನೂ ಪುಸ್ತಕದ ಮಾತಿಗೆ ಅಕ್ಷರ ಬಿಡದೆ ಹೊಂದಿಸಿದೆವು. ಒಂದೇ ಅಪಾಯಕ್ಕೆ ಎರಡು ಕಡೆ ಎರಡು ಥರ ಹೇಳಿದರೆ ಜನ ಎರಡು ಬೇರೆ ವಿಷಯ ಅಂದುಕೊಳ್ಳುತ್ತಾರೆ.

ಪ್ರಿಂಟಿಗೆ ಕಳಿಸುವ ಮೊದಲಿನ ತಾಳೆಯನ್ನು ನಾನು ಮಾಡಲಿಲ್ಲ. ಬರೆದವನ ಕಣ್ಣಿಗೆ ಇಲ್ಲದ್ದೂ ಇದ್ದ ಹಾಗೆ ಕಾಣುತ್ತದೆ. ಸ್ಟೋರ್ ನೋಡಿಕೊಳ್ಳುವ ಹುಡುಗನ ಕೈಗೆ ಪಟ್ಟಿ ಕೊಟ್ಟು, ಪ್ರತಿ ನಂಬರಿಗೂ ಹೊಸ ಪುಸ್ತಕದ ಪುಟ ಬರೆಯಲು ಹೇಳಿದೆ. ಬರೀ ವಿಷಯ ಸಿಕ್ಕರೆ ಟಿಕ್ ಹಾಕುವ ಹಾಗಿಲ್ಲ, "ಪೂರ್ತಿ", "ಆಮೇಲೆ ಮಾತ್ರ" ಅನ್ನುವ ಷರತ್ತೂ ಸಿಗಬೇಕು. ಬ್ಲೇಡ್ ಬೋಲ್ಟುಗಳನ್ನು ಚಾಲೂ ಮಾಡುವ ಮೊದಲು ದಿನಾ ಬಿಗಿ ನೋಡಬೇಕು ಅನ್ನುವುದರಲ್ಲಿ "ದಿನಾ" ಇಲ್ಲ ಅಂತ ಅವನೇ ಹಿಡಿದ. ಕೊಲ್ಹಾಪುರ ಕಡೆಯ ಗಿರಾಕಿಗಳಿಗೆ ಈಗ ಮರಾಠಿಯಲ್ಲೂ ಪುಸ್ತಕ ಬರುತ್ತಿದೆ. ಅದನ್ನು ಬರೆಯುವವರಿಗೆ ಪುಸ್ತಕದ ಜೊತೆ ಅದೇ 28 ನಂಬರಿನ ಪಟ್ಟಿಯನ್ನೂ ಕೊಟ್ಟಿದ್ದೇವೆ, ಮರಾಠಿ ಪುಟದ ಕಲಂ ಖಾಲಿ ಬಿಟ್ಟು.