ಸಬ್‌ಟೈಟಲ್ ಫೈಲಿನಲ್ಲಿ ‘ಅಜ್ಜ’ನ ಹೆಸರು ಬದಲಾಯಿಸಿದ್ದು

ಕೆರೆಯೊಂದರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ. ಊರಿನ ಹಿರಿಯರು ಮಾತಾಡುತ್ತಾರೆ, ಕೆಳಗೆ ಕನ್ನಡದಲ್ಲೇ ಸಬ್‌ಟೈಟಲ್. ಸರಿಯಾಗಿ ಕಿವಿ ಕೇಳಿಸದವರಿಗೂ ತಿಳಿಯಲಿ ಅಂತ ಪ್ರತಿ ಮಾತಿನ ಮುಂದೆ ಮಾತಾಡಿದವರ ಹೆಸರು ಹಾಕಿದ್ದೆವು. ಎಲ್ಲ ಮುಗಿದ ಮೇಲೆ ನಿರ್ದೇಶಕರು ಹೇಳಿದರು: ‘ಅಜ್ಜ’ ಮತ್ತು ‘ದೊಡ್ಡ ಅಜ್ಜ’ ಅಂತಿದ್ದರೆ ನೋಡುವವರಿಗೆ ಗೊಂದಲ, ಮೊದಲನೆಯವರನ್ನು ‘ಸಿದ್ದಜ್ಜ’ ಅಂತ ಮಾಡಿ. ಜೊತೆಗೆ ಒಂದು ಷರತ್ತು. ಪ್ರತಿ ಸಬ್‌ಟೈಟಲ್‌ನ ನಂಬರ್ ಮತ್ತು ಟೈಮಿಂಗ್ ಅಲುಗಾಡಬಾರದು. ಅವರ ತಿದ್ದುಪಡಿ ಪಟ್ಟಿಯೆಲ್ಲ ‘214ರಲ್ಲಿ ಕಾಗುಣಿತ ನೋಡಿ’ ಎನ್ನುವ ರೀತಿಯಲ್ಲಿತ್ತು. ನಡುವೆ ಕೆಲವು ಮಾತು ತೆಗೆದುಹಾಕಿದ್ದರಿಂದ ನಂಬರುಗಳು ಅಲ್ಲಲ್ಲಿ ಹಾರಿದ್ದವು, ಅವೂ ಹಾಗೇ ಉಳಿಯಬೇಕಿತ್ತು.

ಹಾಗಾಗಿ ಸಬ್‌ಟೈಟಲ್ ಎಡಿಟರ್‌ನಲ್ಲಿ ತೆರೆಯಲೇ ಇಲ್ಲ. ಅಂಥ ಕೆಲವು ತಂತ್ರಾಂಶಗಳು ಸೇವ್ ಮಾಡುವಾಗ ನಂಬರನ್ನು 1ರಿಂದ ಹೊಸದಾಗಿ ಜೋಡಿಸಿಬಿಡುತ್ತವೆ. ನಮ್ಮ ಸಬ್‌ಟೈಟಲ್ ಇದ್ದ SRT ಅನ್ನುವುದು ಬರೀ ಪಠ್ಯದ ಫೈಲ್, ಸಾದಾ ಪಠ್ಯ ಎಡಿಟರ್ ಸಾಕು. ನಾನು VS Code ಬಳಸಿದೆ. ಒಳಗೆ ಹೀಗಿರುತ್ತದೆ:

```
214
00:18:07,320 --> 00:18:10,900
- ಅಜ್ಜ: ಆಗ ತೂಬು ಎತ್ತುತ್ತಿದ್ದವರು ನಾವೇ.
- ಅಜ್ಜಿ: ಅಜ್ಜನ ಮಾತು ನಂಬಬೇಡಿ!
```

ಸುಮ್ನೆ ‘ಅಜ್ಜ’ ಹುಡುಕಿ ‘ಸಿದ್ದಜ್ಜ’ ಹಾಕಿದರೆ ಏನಾಗುತ್ತೆ ಅಂತ ಈ ನಾಲ್ಕು ಸಾಲಿನಲ್ಲೇ ಕಾಣುತ್ತದೆ. ‘ಅಜ್ಜಿ’ ಹೋಗಿ ‘ಸಿದ್ದಜ್ಜಿ’ ಆಗುತ್ತಾಳೆ. ಕಂಪ್ಯೂಟರಿಗೆ ‘ಜ್ಜಿ’ ಒಂದೇ ಅಕ್ಷರವಲ್ಲ, ‘ಜ್ಜ’ದ ಮುಂದೆ ಗುಡಿಸು ಅಷ್ಟೇ. ಅಜ್ಜಿ ಆಡಿದ ‘ಅಜ್ಜನ’ ಕೂಡ ‘ಸಿದ್ದಜ್ಜನ’ ಆಗುತ್ತದೆ. ಅದು ಆಕೆ ಬಾಯಲ್ಲಿ ಬಂದ ಮಾತೇ ಅಲ್ಲ. ಇಂಗ್ಲಿಷಿನಲ್ಲಿ ಪೂರ್ತಿ ಪದ ಹುಡುಕಲು ಬಳಸುವ `\b` ಇಲ್ಲಿ ಕೈಕೊಡುತ್ತದೆ. VS Code ಹುಡುಕಾಟದಲ್ಲಿ ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇವನ್ನಷ್ಟೇ ಪದದ ಭಾಗ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೊನೆಗೆ ಕೋಲನ್ ಸೇರಿಸಿ ‘ಅಜ್ಜ:’ ಹುಡುಕಿದರೆ ಅಜ್ಜಿಯೂ ಉಳಿಯುತ್ತಾಳೆ, ‘ಅಜ್ಜನ’ ಕೂಡ ಉಳಿಯುತ್ತದೆ. ಆದರೆ ‘ದೊಡ್ಡ ಅಜ್ಜ:’ ಸಿಕ್ಕಿಬೀಳುತ್ತದೆ. ಅದಕ್ಕೇ ಸಾಲಿನ ಶುರುವಿಗೂ ಕಟ್ಟು ಹಾಕಬೇಕು. ಶುರುವಿನಲ್ಲಿ ಕೆಲವೆಡೆ ಅಡ್ಡಗೆರೆ ಇತ್ತು, ಹಿನ್ನೆಲೆ ದನಿ ಇದ್ದಲ್ಲಿ ಓರೆ ಅಕ್ಷರದ `<i>` ಇತ್ತು. ಎರಡನ್ನೂ ಒಳಗೊಂಡು, Ctrl+H ಒತ್ತಿ, `.*` ಗುಂಡಿ ಆನ್ ಮಾಡಿ, ಮೇಲಿನ ಖಾನೆಯಲ್ಲಿ ಮೊದಲ ಸಾಲು, ಕೆಳಗಿನದರಲ್ಲಿ ಎರಡನೆಯದು ಹಾಕಿದೆ:

```
^((<i>)?(- *)?)ಅಜ್ಜ *(:|ಃ)
$1ಸಿದ್ದಜ್ಜ:
```

`^` ಅಂದರೆ ಸಾಲಿನ ಮೊದಲು. ಹೆಸರಿನ ಹಿಂದೆ ಇದ್ದ ಗೆರೆಯನ್ನೋ ಟ್ಯಾಗನ್ನೋ `$1` ಇದ್ದಂತೇ ವಾಪಸ್ ಇಡುತ್ತದೆ. ನಂಬರ್ ಸಾಲು, ಟೈಮಿಂಗ್ ಸಾಲು ಎರಡೂ ಅಂಕಿಯಿಂದ ಶುರುವಾಗುವುದರಿಂದ ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಆವರಣದ ಕೊನೆಯಲ್ಲಿರುವ ವಿಸರ್ಗ ಯಾಕೆ ಅಂತ ಕೇಳಬಹುದು. ಕನ್ನಡದಲ್ಲಿ ಟೈಪ್ ಮಾಡುವವರು ಕೋಲನ್ ಬದಲು ಎಷ್ಟೋ ಸಲ ‘ಃ’ ಒತ್ತಿರುತ್ತಾರೆ. ‘ಅಜ್ಜ:’ ಮತ್ತು ‘ಅಜ್ಜಃ’ ಪಕ್ಕಪಕ್ಕ ಇಟ್ಟರೂ ಕೆಲವು ಫಾಂಟುಗಳಲ್ಲಿ ವ್ಯತ್ಯಾಸ ಕಾಣೋದಿಲ್ಲ, ಆದರೆ ಎರಡೂ ಬೇರೆ ಬೇರೆ ಸಂಕೇತಗಳು. ನಮ್ಮ ಫೈಲನ್ನು ಇಬ್ಬರು ಟೈಪ್ ಮಾಡಿದ್ದರು, ಅವರಲ್ಲಿ ಒಬ್ಬರಿಗೆ ಈ ಅಭ್ಯಾಸ. ಬರೀ ಕೋಲನ್ ಹುಡುಕಿದ್ದರೆ ಅವರು ಮಾಡಿದ ಭಾಗವೆಲ್ಲ ಹಳೇ ಹೆಸರಿನಲ್ಲೇ ಉಳಿಯುತ್ತಿತ್ತು.

‘ರಿಪ್ಲೇಸ್ ಆಲ್’ ಒತ್ತುವ ಮೊದಲು ಮೂಲ ಫೈಲಿನ ಒಂದು ಪ್ರತಿ ತೆಗೆದಿಟ್ಟೆ. ಆಮೇಲೆ ಎರಡು ಪರೀಕ್ಷೆ.

ಮೊದಲನೆಯದು, ಹೊಸ ಫೈಲಿನಲ್ಲಿ ಸಾದಾ ‘ಅಜ್ಜ’ ಹುಡುಕಿ ಉಳಿದಿದ್ದನ್ನೆಲ್ಲ ಕಣ್ಣಾಡಿಸಿದ್ದು. ಅಜ್ಜಿ, ದೊಡ್ಡ ಅಜ್ಜ, ಮಾತಿನೊಳಗಿನ ಅಜ್ಜಂದಿರು ಸಿಕ್ಕರು, ಅವರು ಇರಬೇಕಾದವರೇ. ಆದರೆ ಕೆಲವು ಕಡೆ ಇಬ್ಬರ ಮಾತನ್ನೂ ಒಂದೇ ಸಾಲಿಗೆ ತುರುಕಿದ್ದರು: ‘- ಅಜ್ಜಿ: ಹೌದಾ? - ಅಜ್ಜ: ಹೂಂ.’ ಇಲ್ಲಿ ಹೆಸರು ಸಾಲಿನ ನಡುವೆ ಇರುವುದರಿಂದ `^` ಹಿಡಿಯುವುದಿಲ್ಲ. ಇವಕ್ಕಾಗಿ ಇನ್ನೊಂದು ಸೂತ್ರ ಕಟ್ಟುವ ಬದಲು ಕೈಯಲ್ಲೇ ತಿದ್ದಿದೆ. ಬೆರಳೆಣಿಕೆಯಷ್ಟಿದ್ದರೆ ಅದೇ ಬೇಗ.

ಎರಡನೆಯದು ಹಳೇ ಫೈಲ್ ಮತ್ತು ಹೊಸ ಫೈಲಿನ ಹೋಲಿಕೆ. VS Codeನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Select for Compare, ಇನ್ನೊಂದರ ಮೇಲೆ Compare with Selected ಕೊಟ್ಟರೆ ಬದಲಾದ ಸಾಲುಗಳಿಗೆ ಬಣ್ಣ ಬರುತ್ತದೆ. ಟರ್ಮಿನಲ್ ಅಭ್ಯಾಸ ಇದ್ದವರಿಗೆ ಒಂದೇ ಸಾಲು:

```
diff old.srt new.srt | grep '^>' | grep -v 'ಸಿದ್ದಜ್ಜ:'
```

ಬದಲಾದ ಸಾಲುಗಳಲ್ಲಿ ‘ಸಿದ್ದಜ್ಜ:’ ಇಲ್ಲದ್ದು ಯಾವುದಾದರೂ ಇದ್ದರೆ ತೋರಿಸು ಅಂತ ಇದರ ಅರ್ಥ. ಒಂದೇ ಒಂದು ಟೈಮಿಂಗ್ ಅಥವಾ ನಂಬರ್ ಬದಲಾಗಿದ್ದರೂ ಇಲ್ಲಿ ಬರಬೇಕು. ಏನೂ ಬರಲಿಲ್ಲ. ಇಡೀ ಫೈಲೇ ಬಂದುಬಿಟ್ಟರೆ ಗಾಬರಿ ಬೇಡ, ಜಾಸ್ತಿ ಸಲ ಅದು ಸಾಲಿನ ಕೊನೆಯ ಗುರುತು CRLFನಿಂದ LFಗೆ ಬದಲಾದದ್ದು. VS Code ಕೆಳಗಿನ ಪಟ್ಟಿಯಲ್ಲಿ ಅದನ್ನು ಒತ್ತಿ ಹಿಂದಿನಂತೆ ಮಾಡಿ ಸೇವ್ ಮಾಡಿದರೆ ಸರಿಹೋಗುತ್ತದೆ.