ಎರಡು ಐಸ್ ಪ್ಲಾಂಟ್, ಒಂದೇ ಐಸ್: ದರ ಎಲ್ಲಿ ನಿಲ್ಲುತ್ತದೆ? ಲೆಕ್ಕ ಹಾಕುವುದು ಹೀಗೆ

ಮಲ್ಪೆಯಲ್ಲಿ ಬೋಟ್ ಕಡಲಿಗೆ ಹೊರಡುವ ಮೊದಲು ಡೀಸೆಲ್ ಮತ್ತು ಐಸ್ ಎರಡನ್ನೂ ತುಂಬಿಸಿಕೊಳ್ಳಲೇಬೇಕು. ಐಸ್ ಮಾರುವವರ ಕಷ್ಟ ಏನೆಂದರೆ, ಎಲ್ಲರ ಐಸೂ ಒಂದೇ. ಈ ಪ್ಲಾಂಟಿನ ಐಸಿನಲ್ಲಿಟ್ಟ ಬಂಗುಡೆಗೂ ಆ ಪ್ಲಾಂಟಿನ ಐಸಿನಲ್ಲಿಟ್ಟ ಬಂಗುಡೆಗೂ ಏನೂ ವ್ಯತ್ಯಾಸ ಇಲ್ಲ. ಹಾಗಾಗಿ ಬೋಟಿನವರು ದರ ಒಂದನ್ನೇ ಕೇಳುತ್ತಾರೆ.

ಇಂಥ ಕಡೆ ಇಬ್ಬರೇ ಮಾರುವವರಿದ್ದರೆ ದರ ಎಲ್ಲಿಗೆ ಬಂದು ನಿಲ್ಲುತ್ತದೆ? ಇಬ್ಬರೇ ಅಲ್ವಾ, ಆರಾಮಾಗಿ ಜಾಸ್ತಿ ದರ ಇಟ್ಟುಕೊಳ್ಳಬಹುದು ಎಂದು ಅನಿಸುತ್ತದೆ. ಪೆನ್ನು ಹಿಡಿದು ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಬರುತ್ತದೆ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನು ಇಟ್ಟುಕೊಂಡವು. ನಿಮ್ಮ ಊರಿನ ಅಂಕಿ ಹಾಕಿಕೊಂಡರೂ ದಾರಿ ಇದೇ.

ಮೊದಲು: ಇನ್ನೊಂದು ಗಡ್ಡೆಯ ಖರ್ಚು ತೆಗೆಯಿರಿ

ಬಂದರಿನ ಬಡಗು ದಿಕ್ಕಿನಲ್ಲಿ ಒಂದು ಪ್ಲಾಂಟ್, ತೆಂಕು ದಿಕ್ಕಿನಲ್ಲಿ ಇನ್ನೊಂದು ಇದೆ ಎಂದುಕೊಳ್ಳಿ. ಒಂದು ಗಡ್ಡೆಗೆ ಕರೆಂಟು 28 ರೂಪಾಯಿ, ನೀರು 4, ಬೋಟಿಗೆ ಹಾಕುವ ಕೂಲಿ 8. ಒಟ್ಟು 40. ಒಂದು ಗಡ್ಡೆ ಜಾಸ್ತಿ ಮಾಡಿದರೆ ಜಾಸ್ತಿ ಆಗುವ ಖರ್ಚು ಇಷ್ಟೇ. ಪಠ್ಯಪುಸ್ತಕದಲ್ಲಿ ಇದನ್ನು ಸೀಮಾಂತ ವೆಚ್ಚ ಎನ್ನುತ್ತಾರೆ.

ಬ್ಯಾಂಕಿನ ಕಂತು, ಜಾಗದ ಬಾಡಿಗೆ, ಆಪರೇಟರ್ ಸಂಬಳ ಎಲ್ಲ ಸೇರಿ ಪ್ರತಿ ಪ್ಲಾಂಟಿಗೂ ದಿನಕ್ಕೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದನ್ನು ಗಡ್ಡೆಗಳ ಮೇಲೆ ಹಂಚಿ 40ಕ್ಕೆ ಸೇರಿಸಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಗಡ್ಡೆ ಒಂದು ಹೋದರೂ ನೂರು ಹೋದರೂ ಆ 6,000 ಕೊಡಲೇಬೇಕು. ಹಾಗಾಗಿ ಇವತ್ತು ಒಂದು ರೂಪಾಯಿ ಇಳಿಸಲೋ ಬೇಡವೋ ಎಂಬ ತೀರ್ಮಾನದಲ್ಲಿ ಅದಕ್ಕೆ ಪಾತ್ರವಿಲ್ಲ.

ನಂತರ: ಒಂದು ರೂಪಾಯಿ ಇಳಿಸಿ ನೋಡಿ

ಬೋಟುಗಳಿಗೆ ದಿನಕ್ಕೆ 400 ಗಡ್ಡೆ ಬೇಕು, ದರ 90 ರೂಪಾಯಿವರೆಗೆ ಇದ್ದರೂ ಕೊಂಡುಕೊಳ್ಳುತ್ತಾರೆ. ಸದ್ಯಕ್ಕೆ ಎರಡೂ ಪ್ಲಾಂಟಿನ ದರ 70. ಇಬ್ಬರಿಗೂ ತಲಾ 200 ಗಡ್ಡೆ. ಗಡ್ಡೆಗೆ 30 ರೂಪಾಯಿ ಉಳಿದು 6,000 ಕೈಗೆ ಬರುತ್ತದೆ. ಬ್ಯಾಂಕು, ಬಾಡಿಗೆಗೆ ಸರಿಯಾಯಿತು.

ಒಂದು ಬೆಳಿಗ್ಗೆ ತೆಂಕಿನವರು 69 ಎಂದು ಹೇಳಿದರು. 400 ಗಡ್ಡೆಯೂ ಅವರಿಗೇ ಹೋಗುತ್ತದೆ. 29 ರೂಪಾಯಿಯಂತೆ 11,600. ಬಿಟ್ಟುಕೊಟ್ಟದ್ದು ಗಡ್ಡೆಗೆ ಒಂದೇ ರೂಪಾಯಿ, ಸಿಕ್ಕಿದ್ದು ಹತ್ತಿರ ಹತ್ತಿರ ಎರಡು ಪಟ್ಟು. ಬಡಗಿನವರಿಗೆ ಸೊನ್ನೆ.

ಈಗ ಬಡಗಿನವರ ಜಾಗದಲ್ಲಿ ಕುಳಿತು ಯೋಚಿಸಿ. 70ರಲ್ಲೇ ನಿಂತರೆ ಒಂದು ಬೋಟೂ ಬರುವುದಿಲ್ಲ. ತಾವೂ 69 ಮಾಡಿದರೆ ಅರ್ಧ ವ್ಯಾಪಾರ, 5,800. 68ಕ್ಕೆ ಇಳಿದರೆ ಪೂರ್ತಿ ವ್ಯಾಪಾರ, 11,200. ಅವರು 68 ಮಾಡುತ್ತಾರೆ. ಆಮೇಲೆ ತೆಂಕಿನವರು 67. ಇಲ್ಲಿ ಯಾರೂ ಹಟಕ್ಕೆ ಬಿದ್ದಿಲ್ಲ, ಯಾರಿಗೂ ಸಿಟ್ಟಿಲ್ಲ. ಇಬ್ಬರೂ ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಮಾಡುತ್ತಿದ್ದಾರೆ.

ಎಲ್ಲಿ ನಿಲ್ಲುತ್ತದೆ ಎಂದು ಪರೀಕ್ಷಿಸಿ

ಯಾವುದೇ ದರ ತೆಗೆದುಕೊಂಡು ಎರಡು ಪ್ರಶ್ನೆ ಕೇಳಿ. ಇಳಿಸಿದರೆ ಲಾಭವೇ? ಏರಿಸಿದರೆ ಲಾಭವೇ? ಎರಡಕ್ಕೂ ಇಲ್ಲ ಎಂದು ಬಂದ ಕಡೆ ದರ ನಿಲ್ಲುತ್ತದೆ.

ಇಬ್ಬರ ದರವೂ 43 ಇದ್ದರೆ ತಲಾ 600 ಸಿಗುತ್ತದೆ. ಒಬ್ಬರು 42ಕ್ಕೆ ಇಳಿಸಿದರೆ 800. ಹಾಗಾಗಿ ಇಳಿಸುತ್ತಾರೆ. ಇಬ್ಬರೂ 42ರಲ್ಲಿದ್ದರೆ ತಲಾ 400. 41ಕ್ಕೆ ಇಳಿಸಿದರೂ ಅದೇ 400. ಇನ್ನು ಇಳಿಸಿ ಪ್ರಯೋಜನವಿಲ್ಲ. ಅಂದರೆ ರೂಪಾಯಿ ಲೆಕ್ಕದಲ್ಲಿ ಇಳಿಸುವವರು 40ಕ್ಕಿಂತ ಒಂದೆರಡು ರೂಪಾಯಿ ಮೇಲೆಯೇ ನಿಂತುಬಿಡಬಹುದು. ಹತ್ತು ಪೈಸೆಯ ಲೆಕ್ಕದಲ್ಲಿ ಇಳಿಸಿದರೆ 40 ರೂಪಾಯಿ 20 ಪೈಸೆವರೆಗೆ ಹೋಗುತ್ತಾರೆ. ಹೆಜ್ಜೆ ಸಣ್ಣದಾದಷ್ಟೂ ದರ 40ಕ್ಕೆ ಹತ್ತಿರವಾಗುತ್ತದೆ.

ಸರಿಯಾಗಿ 40ರಲ್ಲಿ ಏನಾಗುತ್ತದೆ? ಏರಿಸಿದರೆ ಬೋಟುಗಳೆಲ್ಲ ಪಕ್ಕದ ಪ್ಲಾಂಟಿಗೆ ಹೋಗುತ್ತವೆ. 39 ಮಾಡಿದರೆ 400 ಗಡ್ಡೆಯೂ ನಿಮಗೇ ಬರುತ್ತದೆ, ಪ್ರತಿ ಗಡ್ಡೆಯಲ್ಲೂ ಒಂದು ರೂಪಾಯಿ ಕೈಯಿಂದ ಹೋಗುತ್ತದೆ. ಮೇಲೂ ಹೋಗಲಾಗದು, ಕೆಳಗೂ ಹೋಗಲಾಗದು.

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ 1883ರಲ್ಲಿ ಈ ವಾದದ ಬೀಜ ಹಾಕಿದ. ಅದಕ್ಕೂ ಮೊದಲು, 1838ರಲ್ಲಿ, ಅದೇ ದೇಶದ ಕೂರ್ನೋ ಎರಡು ಖನಿಜ ನೀರಿನ ಬುಗ್ಗೆಗಳ ಮಾಲೀಕರ ಲೆಕ್ಕ ಮಾಡಿದ್ದ. ಅವನ ಮಾಲೀಕರು ಎಷ್ಟು ನೀರು ಮಾರಬೇಕು ಎಂದು ತೀರ್ಮಾನಿಸುತ್ತಿದ್ದರು, ಹಾಗಾಗಿ ಇಬ್ಬರಿಗೂ ಲಾಭ ಉಳಿಯುತ್ತಿತ್ತು. ತೀರ್ಮಾನ ದರದ್ದಾದರೆ ಒಬ್ಬರ ಮೇಲೊಬ್ಬರು ಇಳಿಸುತ್ತಾ ಹೋಗುವುದಕ್ಕೆ ತಡೆಯೇ ಇಲ್ಲವಲ್ಲ ಎಂಬುದು ಬರ್ಟ್ರಾಂಡನ ತಕರಾರು.

ಈಗ ಪ್ಲಾಂಟಿನ ಅಳತೆ ಸೇರಿಸಿ

ಇಲ್ಲಿಯವರೆಗಿನ ಲೆಕ್ಕದಲ್ಲಿ ಒಂದು ಮಾತು ಸುಮ್ನೆ ಒಪ್ಪಿಕೊಂಡು ಬಂದೆವು. ಒಂದೇ ಪ್ಲಾಂಟ್ 400 ಗಡ್ಡೆಯನ್ನೂ ಕೊಡಬಲ್ಲದು ಎಂದು. ನಿಜದಲ್ಲಿ ತಣ್ಣಗಿನ ಉಪ್ಪುನೀರಿನ ತೊಟ್ಟಿಯಲ್ಲಿ ನೀರು ತುಂಬಿದ ಡಬ್ಬಿ ಇಳಿಸಿದರೆ ದೊಡ್ಡ ಗಡ್ಡೆ ಕಟ್ಟಲು ಗಂಟೆಗಟ್ಟಲೆ ಬೇಕು. ಅವಸರ ಮಾಡುವಂತಿಲ್ಲ. ಡಬ್ಬಿ ಎಷ್ಟೋ ಗಡ್ಡೆ ಅಷ್ಟೇ.

ಪ್ರತಿ ಪ್ಲಾಂಟಿನಿಂದಲೂ ದಿನಕ್ಕೆ 250 ಗಡ್ಡೆ ಮಾತ್ರ ಸಾಧ್ಯ ಎಂದಿಟ್ಟುಕೊಳ್ಳಿ. ತೆಂಕಿನವರ ದರ 40. ಅವರ 250 ಖಾಲಿಯಾದ ಮೇಲೆ ಇನ್ನೂ 150 ಗಡ್ಡೆ ಬೇಕು. ಆ ಬೋಟುಗಳಿಗೆ ಬಡಗಿನವರು ಬಿಟ್ಟರೆ ಗತಿಯಿಲ್ಲ. ಬಡಗಿನವರು 90 ಹೇಳಬಹುದು. ಗಡ್ಡೆಗೆ 50 ಉಳಿದು 7,500 ಸಿಗುತ್ತದೆ. ಹಾಗಾದರೆ 40ರಲ್ಲಿ ಯಾಕೆ ನಿಲ್ಲಬೇಕು?

ಬಡಗಿನವರು 90ಕ್ಕೆ ಹೋದದ್ದು ನೋಡಿ ತೆಂಕಿನವರು 89 ಮಾಡಿ 250 ಗಡ್ಡೆಯನ್ನೂ ಮಾರುತ್ತಾರೆ, 12,250 ಬರುತ್ತದೆ. ಬಡಗಿನವರು 88. ಮತ್ತೆ ಇಳಿಯುವ ಆಟ ಶುರು. ಈ ಬಾರಿ 40ರವರೆಗೆ ಹೋಗುವುದಿಲ್ಲ. 70 ರೂಪಾಯಿಗೆ 250 ಗಡ್ಡೆ ಮಾರಿದರೆ 7,500. 90 ರೂಪಾಯಿಗೆ ಉಳಿದ 150 ಮಾರಿದರೂ 7,500. 70ಕ್ಕಿಂತ ಕೆಳಗೆ ಇಳಿದು ಪೈಪೋಟಿ ಮಾಡುವುದಕ್ಕಿಂತ 90ಕ್ಕೆ ಹಾರುವುದೇ ಲಾಭ. ಹಾಗಾಗಿ ದರ 90ರಿಂದ 70ಕ್ಕೆ ಜಾರುತ್ತದೆ, ಮತ್ತೆ 90ಕ್ಕೆ ಹಾರುತ್ತದೆ. ದರ ಹೀಗೆ ಒಂದು ಕಡೆ ನಿಲ್ಲದೆ ಓಡಾಡುತ್ತದೆ ಎಂದು 1897ರಲ್ಲಿ ತೋರಿಸಿದವನು ಅರ್ಥಶಾಸ್ತ್ರಜ್ಞ ಎಜ್‌ವರ್ತ್.

ಬಂದರಿನಲ್ಲಿ ನಿಂತು ಗುರುತಿಸುವುದು

ದರ ನೋಡುವ ಮೊದಲು ಒಂದು ವಿಷಯ ವಿಚಾರಿಸಿ. ಇವತ್ತಿಗೆ ಬೇಕಾದ ಅಷ್ಟೂ ಐಸನ್ನು ಒಂದೇ ಪ್ಲಾಂಟ್ ಕೊಡಬಲ್ಲದೇ? ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಒಟ್ಟಿಗೆ ಹೊರಡುವ ದಿನಗಳಲ್ಲಿ ಕೊಡಲು ಆಗುವುದಿಲ್ಲ. ಆಗ ನಮ್ಮ 400ರ ಲೆಕ್ಕ, ದರ ಮೇಲೆಯೇ ಇರುತ್ತದೆ. ಮೀನು ಸಿಗದೆ ಅರ್ಧ ಬೋಟುಗಳು ದಕ್ಕೆಯಲ್ಲೇ ಕಟ್ಟಿಕೊಂಡಿರುವ ದಿನ ಬೇಕಾಗುವುದು 200 ಗಡ್ಡೆ ಮಾತ್ರ. ಎರಡೂ ಪ್ಲಾಂಟಿನಲ್ಲಿ 250 ಡಬ್ಬಿ ತಯಾರು. ಯಾವ ಪ್ಲಾಂಟಾದರೂ ಪೂರ್ತಿ ಬಂದರನ್ನು ಒಬ್ಬರೇ ನೋಡಿಕೊಳ್ಳಬಹುದು. ದರ ಮತ್ತೆ 40ರ ಕಡೆಗೆ ಇಳಿಯುತ್ತದೆ. ಬ್ಯಾಂಕಿನ ಕಂತಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ.

ಅಂಥ ದಿನಗಳಲ್ಲೂ ದರ ಇಳಿಯದಿದ್ದರೆ ಉದ್ರಿ ಪುಸ್ತಕದ ಬಗ್ಗೆ ಕೇಳಿ ನೋಡಿ. ಹಳೆಯ ಬಾಕಿ ಇರುವ ಬೋಟಿನವರು ಒಂದು ರೂಪಾಯಿ ಕಮ್ಮಿ ಎಂದು ಆಚೆ ಪ್ಲಾಂಟಿಗೆ ಹೋಗಲು ಹಿಂದೆಮುಂದೆ ನೋಡುತ್ತಾರೆ. ಅವರಿಗೆ ಎರಡು ಪ್ಲಾಂಟಿನ ಐಸ್ ಈಗ ಒಂದೇ ಅಲ್ಲ. ಉದ್ರಿಯೂ ಇಲ್ಲ, ದರವೂ ಇಳಿಯುತ್ತಿಲ್ಲ ಎಂದಾದರೆ ಇಬ್ಬರೂ ಕುಳಿತು ಮಾತಾಡಿಕೊಂಡಿರಬಹುದು. ಹಾಗೆ ಒಪ್ಪಂದ ಮಾಡಿಕೊಂಡು ದರ ಹಿಡಿದಿಡುವುದಕ್ಕೆ 2002ರ ಸ್ಪರ್ಧಾ ಕಾಯ್ದೆಯಲ್ಲಿ ಅವಕಾಶವಿಲ್ಲ. ಒಪ್ಪಂದವೇ ಇಲ್ಲದೆ, ನಾನು ಇಳಿಸಿದರೆ ನಾಳೆ ಅವರೂ ಇಳಿಸುತ್ತಾರೆ ಎಂದು ಇಬ್ಬರೂ ತಮ್ಮಷ್ಟಕ್ಕೆ ಸುಮ್ಮನಿರುವುದೂ ಉಂಟು. ನಮ್ಮ ಲೆಕ್ಕ ಒಂದು ದಿನದ್ದು, ಅವರಿಬ್ಬರು ನಾಳೆಯೂ ಅದೇ ದಕ್ಕೆಯಲ್ಲಿ ಐಸ್ ಮಾರಬೇಕು.